ರಾತ್ರಿಯೂ ನಿಲ್ಲದ ಫ್ರೀಜರ್

ತಿಪಟೂರಿನ ಆ ಪ್ರಾವಿಷನ್ ಸ್ಟೋರ್‌ನಲ್ಲಿ ಕರೆಂಟಿನಿಂದ ನಡೆಯುವ ವಸ್ತುಗಳನ್ನು ಬೆರಳಲ್ಲೇ ಎಣಿಸಬಹುದು. ನಾಲ್ಕು ಎಲ್‌ಇಡಿ ಟ್ಯೂಬು, ಗಲ್ಲಾದ ಮೇಲೊಂದು ಫ್ಯಾನು, ಕ್ಯಾಮೆರಾ, ತೂಕದ ಯಂತ್ರ, ಮೂಲೆಯಲ್ಲಿ ಐಸ್‌ಕ್ರೀಮ್ ಮತ್ತು ಬಟಾಣಿ ಪೊಟ್ಟಣಗಳಿರುವ 300 ಲೀಟರಿನ ಹಳೆಯ ಡೀಪ್ ಫ್ರೀಜರ್. ಇಷ್ಟಕ್ಕೆ ತಿಂಗಳಿಗೆ 298 ಯೂನಿಟ್ ಬಿಲ್ ಬಂದಿತ್ತು. ಮನೆಗಳಿಗೆ ಸಿಗುವ ಗೃಹಜ್ಯೋತಿ ಅಂಗಡಿಗೆ ಇಲ್ಲ. ಸುಟ್ಟ ಪ್ರತಿ ಯೂನಿಟ್ಟಿಗೂ ದುಡ್ಡು ಕಟ್ಟಲೇಬೇಕು.

ಅಂಗಡಿಯವರು ಮೊದಲು ಟ್ಯೂಬುಗಳನ್ನು ಅನುಮಾನಿಸಿದರು. ಮಧ್ಯಾಹ್ನ ಎರಡನ್ನು ಆರಿಸಿಟ್ಟರು. ಆಮೇಲೆ ಮೀಟರೇ ಓಡುತ್ತಿದೆಯೇನೋ ಎಂದುಕೊಂಡರು. ಫ್ರೀಜರ್ ಕಡೆಗೆ ಮನಸ್ಸು ಹೋಗಲಿಲ್ಲ. ಅದರ ಹಿಂದಿನ ಪಟ್ಟಿಯಲ್ಲಿ ಬರೆದಿರುವುದು 350 ವ್ಯಾಟ್ ಮಾತ್ರ, ಮನೆಯ ಇಸ್ತ್ರಿ ಪೆಟ್ಟಿಗೆಯ ಅರ್ಧವೂ ಇಲ್ಲ. ಅಲ್ಲದೆ ತಣ್ಣಗಾದ ಮೇಲೆ ತಾನಾಗಿ ಆಫ್ ಆಗುತ್ತದಲ್ಲ ಎಂಬುದು ಅವರ ಲೆಕ್ಕ.

ಅವರ ಅಕ್ಕನ ಮಗ ಐಟಿಐ ಓದಿ ಎಲೆಕ್ಟ್ರಿಕಲ್ ಕೆಲಸ ಮಾಡುವ ಹುಡುಗ. ಏಪ್ರಿಲ್ ತಿಂಗಳಲ್ಲಿ ಅಂಗಡಿಗೆ ಬಂದಾಗ ಒಂದು ಪ್ಲಗ್ ಮೀಟರ್ ತಂದಿದ್ದ. ಅಂಗೈಯಗಲದ ಸಾಧನ. ಗೋಡೆಯ ಸಾಕೆಟ್ಟಿಗೆ ಇದನ್ನು ಚುಚ್ಚಿ, ಉಪಕರಣದ ಪ್ಲಗ್ಗನ್ನು ಇದಕ್ಕೆ ಚುಚ್ಚಬೇಕು. ನಡುವೆ ಹರಿಯುವ ಕರೆಂಟನ್ನು ಅದು ಅಳೆದು, ಈ ಕ್ಷಣ ಎಷ್ಟು ವ್ಯಾಟ್, ಇಲ್ಲಿಯವರೆಗೆ ಎಷ್ಟು ಯೂನಿಟ್ ಎಂದು ತೋರಿಸುತ್ತದೆ. ಫ್ರೀಜರಿಗೆ ಸ್ಟೆಬಿಲೈಜರ್ ಇದ್ದುದರಿಂದ ಹುಡುಗ ಮೀಟರನ್ನು ಸ್ಟೆಬಿಲೈಜರಿಗಿಂತ ಮುಂಚೆ, ಗೋಡೆಯ 16 ಆಂಪಿಯರ್ ಸಾಕೆಟ್ಟಿಗೇ ಹಾಕಿದ. ಸ್ಟೆಬಿಲೈಜರ್ ತಿನ್ನುವ ಕರೆಂಟೂ ಲೆಕ್ಕಕ್ಕೆ ಸಿಗಬೇಕಲ್ಲ.

ಕಂಪ್ರೆಸರ್ ಓಡುವಾಗ ಪರದೆಯ ಮೇಲೆ 342 ವ್ಯಾಟ್ ಬಂತು. ಅಂಗಡಿಯವರು ಗೆದ್ದವರಂತೆ ನೋಡಿದರು: "ನಾನ್ ಹೇಳ್ಲಿಲ್ವಾ, ಪಟ್ಟಿಲಿರೋದಕ್ಕಿಂತ ಕಮ್ಮಿನೇ ಇದೆ."

"ಇದನ್ನ ನೋಡಿ ಏನೂ ಗೊತ್ತಾಗಲ್ಲ ಮಾವ. ಒಂದ್ ಹಗಲು ಒಂದ್ ರಾತ್ರಿ ಹಿಂಗೇ ಇರ್ಲಿ" ಅಂದ ಹುಡುಗ.

ಅವನ ಮಾತು ಸರಿ. ಫ್ರೀಜರ್ ಇಡೀ ದಿನ ಒಂದೇ ಸಮನೆ ಓಡುವ ಯಂತ್ರವಲ್ಲ. ಒಳಗಿನ ಚಳಿ ಮೈನಸ್ 18 ಡಿಗ್ರಿಯ ಆಸುಪಾಸಿಗೆ ಇಳಿದಾಗ ಥರ್ಮೋಸ್ಟ್ಯಾಟ್ ಕಂಪ್ರೆಸರನ್ನು ನಿಲ್ಲಿಸುತ್ತದೆ, ಬಿಸಿ ಏರಿದಾಗ ಮತ್ತೆ ಶುರು ಮಾಡುತ್ತದೆ. ಹಾಗಾಗಿ ಎಷ್ಟು ವ್ಯಾಟ್ ಎಂಬುದರ ಜೊತೆಗೆ ದಿನಕ್ಕೆ ಎಷ್ಟು ಹೊತ್ತು ಓಡಿತು ಎಂಬುದೂ ಬೇಕು. ಟಾಂಗ್ ಟೆಸ್ಟರ್ ಹಿಡಿದು ಆಂಪಿಯರ್ ನೋಡಿ ವೋಲ್ಟೇಜಿನಿಂದ ಗುಣಿಸಿದರೂ ಮೋಸ ಹೋಗುತ್ತೇವೆ. ಈ ಫ್ರೀಜರ್ 2.4 ಆಂಪಿಯರ್ ಎಳೆಯುತ್ತಿತ್ತು, 230ರಿಂದ ಗುಣಿಸಿದರೆ 552 ಬರುತ್ತದೆ. ಮೋಟಾರಿನ ಪವರ್ ಫ್ಯಾಕ್ಟರ್ ಕಡಿಮೆಯಿದ್ದುದರಿಂದ ನಿಜವಾದ ವ್ಯಾಟ್ 342 ಮಾತ್ರ. ಪ್ಲಗ್ ಮೀಟರ್ ಈ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದೆ.

ಬೆಳಗ್ಗೆ ಆರೂವರೆಗೆ ಮೀಟರನ್ನು ಸೊನ್ನೆಗೆ ತಂದರು. ರಾತ್ರಿ ಒಂಬತ್ತೂವರೆಗೆ ಬಾಗಿಲು ಹಾಕುವಾಗ 4.5 ಯೂನಿಟ್. ಮರುದಿನ ಬೆಳಗ್ಗೆ 7.1. ತಿಂಗಳಿಗೆ ಗುಣಿಸಿದರೆ 213 ಯೂನಿಟ್. ಟ್ಯೂಬು, ಫ್ಯಾನು, ಕ್ಯಾಮೆರಾ, ತಕ್ಕಡಿ ಎಲ್ಲ ಕೂಡಿದರೂ ದಿನಕ್ಕೆ 2.7, ಅಂದರೆ ತಿಂಗಳಿಗೆ 81. ಬಿಲ್ಲಿನ ಹತ್ತರಲ್ಲಿ ಏಳು ಪಾಲು ಮೂಲೆಯ ಆ ಪೆಟ್ಟಿಗೆಗೇ ಹೋಗುತ್ತಿತ್ತು. ಆರಿಸಿಟ್ಟ ಎರಡು ಟ್ಯೂಬುಗಳಿಂದ ಉಳಿದಿದ್ದು ತಿಂಗಳಿಗೆ ಏಳೆಂಟು ಯೂನಿಟ್ ಇರಬಹುದು.

ಆದರೆ ನನ್ನ ದೃಷ್ಟಿಯಲ್ಲಿ 7.1ಕ್ಕಿಂತ ಮುಖ್ಯವಾದದ್ದು ಅದರ ಒಳಗಿನ ಎರಡು ಅಂಕಿಗಳು. ಹಗಲಿನ 15 ಗಂಟೆಗೆ 4.5 ಎಂದರೆ ಗಂಟೆಗೆ 0.30 ಯೂನಿಟ್. ರಾತ್ರಿಯ 9 ಗಂಟೆಗೆ 2.6 ಎಂದರೆ ಗಂಟೆಗೆ 0.29. ಎರಡೂ ಹೆಚ್ಚುಕಡಿಮೆ ಒಂದೇ! ರಾತ್ರಿ ಯಾರೂ ಮುಚ್ಚಳ ತೆರೆಯುವುದಿಲ್ಲ, ಹೊಸ ಮಾಲು ಹಾಕುವುದಿಲ್ಲ, ಸೆಖೆಯೂ ಇಳಿದಿರುತ್ತದೆ. ಒಳ್ಳೆಯ ಸ್ಥಿತಿಯ ಫ್ರೀಜರ್ ಆ ಹೊತ್ತಿನಲ್ಲಿ ದೀರ್ಘವಾಗಿ ನಿದ್ದೆ ಹೋಗಬೇಕು. ಇದು ಗಂಟೆಗೆ 50 ನಿಮಿಷಕ್ಕೂ ಹೆಚ್ಚು ಓಡುತ್ತಿತ್ತು. ಅಂದರೆ ತಪ್ಪು ಐಸ್‌ಕ್ರೀಮ್ ಕೇಳಿ ಮುಚ್ಚಳ ತೆಗೆಸುವ ಮಕ್ಕಳದ್ದಲ್ಲ. ಚಳಿ ಪೆಟ್ಟಿಗೆಯಿಂದಲೇ ಸೋರುತ್ತಿದೆ, ಇಲ್ಲವೇ ಒಳಗಿನ ಬಿಸಿ ಹೊರಹೋಗಲು ದಾರಿ ಸಿಗುತ್ತಿಲ್ಲ.

ಹುಡುಗ ಹತ್ತು ರೂಪಾಯಿ ನೋಟನ್ನು ಮುಚ್ಚಳದ ಅಂಚಿಗೆ ಸಿಕ್ಕಿಸಿ ಎಳೆದ. ಮುಂಭಾಗದಲ್ಲಿ ಬಿಗಿಯಾಗಿತ್ತು. ಕೀಲುಗಳ ಕಡೆ ಸಲೀಸಾಗಿ ಜಾರಿ ಬಂತು. ಅಲ್ಲಿ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಸೀಳಿತ್ತು. ಆ ಸಂದಿಯಿಂದ ನುಗ್ಗಿದ ತೇವದ ಗಾಳಿಯೇ ಒಳಗೋಡೆಗೆ ಎರಡು ಬೆರಳು ದಪ್ಪ ಹಿಮವಾಗಿ ಕಟ್ಟಿತ್ತು. ಹೊರಗೆ ಇನ್ನೊಂದು ತೊಂದರೆ. ಇಂಥ ಪೆಟ್ಟಿಗೆ ಫ್ರೀಜರುಗಳಲ್ಲಿ ಹಲವಕ್ಕೆ ಬಿಸಿ ಹೊರಹಾಕುವ ಕೊಳವೆಗಳು ಹಿಂದೆ ಕಾಣುವುದಿಲ್ಲ, ಪಕ್ಕದ ತಗಡಿನ ಒಳಗೇ ಇರುತ್ತವೆ. ಮುಟ್ಟಿದರೆ ಬೆಚ್ಚಗಿರುವ ಆ ಪಕ್ಕಕ್ಕೆ ಒತ್ತಿ ಅಕ್ಕಿಮೂಟೆಗಳನ್ನು ಪೇರಿಸಿದ್ದರು. ಚಳಿಗೆ ಕಂಬಳಿ ಹೊದಿಸಿದ ಹಾಗೆ ಬಿಸಿ ಅಲ್ಲೇ ನಿಂತಿತ್ತು. ಮಧ್ಯಾಹ್ನ ಐಸ್‌ಕ್ರೀಮ್ ಮೆತ್ತಗಾಗುತ್ತದೆ ಎಂದು ಥರ್ಮೋಸ್ಟ್ಯಾಟನ್ನು ಕೊನೆಯ ಅಂಕಿಗೆ ತಿರುಗಿಸಿಯೂ ಇಟ್ಟಿದ್ದರು. ಅಷ್ಟು ಚಳಿ ಮುಟ್ಟುವುದೇ ಕಷ್ಟವಾದ್ದರಿಂದ ಕಂಪ್ರೆಸರಿಗೆ ನಿಲ್ಲುವ ಸಂದರ್ಭ ಕಡಿಮೆಯೇ ಸಿಗುತ್ತಿತ್ತು.

ಮಾಲನ್ನು ಪಕ್ಕದ ಬೇಕರಿಯ ಫ್ರೀಜರಿಗೆ ಸಾಗಿಸಿ, ಪ್ಲಗ್ ಕಿತ್ತು, ಹಿಮ ತಾನಾಗಿ ಕರಗುವವರೆಗೆ ಬಿಟ್ಟರು. ಚಾಕುವಿನಿಂದ ಕೆತ್ತಲು ಹೋದ ಮಾವನನ್ನು ಹುಡುಗ ತಡೆದ. ಕೊಳವೆಗೆ ಒಂದು ತೂತು ಬಿದ್ದರೆ ಗ್ಯಾಸೆಲ್ಲ ಹೋಗಿಬಿಡುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿಸಿದರು, ಮೂಟೆ ಸರಿಸಿ ಗೋಡೆಗೂ ಪೆಟ್ಟಿಗೆಗೂ ಗೇಣಗಲ ಜಾಗ ಬಿಟ್ಟರು. ಒಟ್ಟು ಖರ್ಚು 1,500 ರೂಪಾಯಿ. ಪೆಟ್ಟಿಗೆ ಪೂರ್ತಿ ತಣ್ಣಗಾಗುವವರೆಗೆ ಕಾದು ಮತ್ತೆ ಅಳೆದಾಗ ಹಗಲು 3.5, ರಾತ್ರಿ 1.5, ಒಟ್ಟು 5 ಯೂನಿಟ್. ಈಗ ರಾತ್ರಿ ಆಗಾಗ ನಿಲ್ಲುತ್ತಿತ್ತು. ದಿನಕ್ಕೆ 2.1 ಯೂನಿಟ್ ಉಳಿಯಿತು. ಎಲ್ಲ ಸೇರಿ ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 500 ರೂಪಾಯಿ. ಮೂರೇ ತಿಂಗಳಲ್ಲಿ ಖರ್ಚು ವಾಪಸ್.

ಆದರೂ 5 ಯೂನಿಟ್ ಕಡಿಮೆಯಲ್ಲ. ಮುಚ್ಚಳ ಬಿಗಿಯಾದ ಮೇಲೂ ಪೆಟ್ಟಿಗೆಯ ಕೆಳಭಾಗ ಒಂದು ಕಡೆ ಬೆವರುತ್ತಿತ್ತು. ಗೋಡೆಯೊಳಗಿನ ಫೋಮ್ ತೇವ ಕುಡಿದು ಚಳಿ ತಡೆಯುವ ಶಕ್ತಿ ಕಳೆದುಕೊಂಡಿದೆ ಎಂಬುದರ ಗುರುತು ಅದು. ಅದಕ್ಕೆ ರಿಪೇರಿ ಇಲ್ಲ.

ಹೊಸದರ ಲೆಕ್ಕ ಹಾಕುವಾಗ ಅಂಗಡಿಯವರು 7.1ರಿಂದ ಶುರು ಮಾಡಿದರು. ಹುಡುಗ ಅದನ್ನು ಹೊಡೆದುಹಾಕಿ 5 ಎಂದು ಬರೆದ. ರಿಪೇರಿಯಿಂದ ಬಂದ ಉಳಿತಾಯವನ್ನು ಹೊಸ ಫ್ರೀಜರಿನ ಖಾತೆಗೆ ಹಾಕುವುದು ತಪ್ಪು. ಇವರ ವ್ಯಾಪಾರಕ್ಕೆ 200 ಲೀಟರ್ ಸಾಕಿತ್ತು. ನೋಡಿದ ಮಾದರಿಯ ಲೇಬಲ್ಲಿನಲ್ಲಿ ವರ್ಷಕ್ಕೆ 620 ಯೂನಿಟ್ ಎಂದಿತ್ತು, 365ರಿಂದ ಭಾಗಿಸಿದರೆ ದಿನಕ್ಕೆ 1.7. ಲೇಬಲ್ಲಿನ ಅಂಕಿ ಪ್ರಯೋಗಾಲಯದ್ದು, ಅಂಗಡಿಯಲ್ಲಿ ಸ್ವಲ್ಪ ಹೆಚ್ಚೇ ಎಂದು 1.9 ಹಿಡಿದರು. ಉಳಿಯುವುದು ದಿನಕ್ಕೆ 3.1 ಯೂನಿಟ್, ತಿಂಗಳಿಗೆ ಸುಮಾರು 744 ರೂಪಾಯಿ. ಬೆಲೆ 21,000, ಅಸಲು ಹಿಂದಿರುಗಲು ಎರಡು ವರ್ಷ ನಾಲ್ಕು ತಿಂಗಳು.

ಪ್ಲಗ್ ಮೀಟರ್ ಇಲ್ಲದವರಿಗೂ ಒಂದು ದಾರಿಯಿದೆ. ಅಂಗಡಿ ಮುಚ್ಚುವಾಗ ಗೋಡೆಯ ಮೀಟರಿನ ಅಂಕಿಯನ್ನು ದಶಮಾಂಶ ಸಮೇತ ಬರೆದುಕೊಂಡು, ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆ ಮತ್ತೆ ನೋಡಬೇಕು. ಈ ಅಂಗಡಿಯಲ್ಲಿ ರಿಪೇರಿಗೆ ಮೊದಲು ಹಾಗೆ ನೋಡಿದ್ದರೆ 2.9 ಯೂನಿಟ್ ಸಿಗುತ್ತಿತ್ತು, ಕ್ಯಾಮೆರಾ ಇತ್ಯಾದಿಗೆ 0.3 ಕಳೆದರೆ ಉಳಿದದ್ದೆಲ್ಲ ಫ್ರೀಜರಿನದು. ಕರೆಂಟ್ ಹೋಗಿ ಬಂದ ರಾತ್ರಿಯ ಅಂಕಿಯನ್ನು ಮಾತ್ರ ನಂಬಬಾರದು. ಬೇಸಿಗೆಯ ಅಂಕಿಯನ್ನು ಡಿಸೆಂಬರಿನದರ ಪಕ್ಕ ಇಡಲೂಬಾರದು.

ಅಂಗಡಿಯವರು ಹೊಸ ಫ್ರೀಜರ್ ತೆಗೆದುಕೊಂಡರು. ಹಳೆಯದಕ್ಕೆ ಹಾಲಿನ ಬೂತಿನವರೊಬ್ಬರು 3,000 ರೂಪಾಯಿ ಕೊಡಲು ಬಂದಿದ್ದರು. ತಿಂಗಳಿಗೆ 1,200 ರೂಪಾಯಿ ಕರೆಂಟು ತಿನ್ನುವುದನ್ನು ಇನ್ನೊಬ್ಬರ ತಲೆಗೆ ಕಟ್ಟಲು ಮನಸ್ಸಾಗದೆ, ಮೀಟರಿನ ಅಂಕಿ ತೋರಿಸಿ ಅವರನ್ನು ವಾಪಸ್ ಕಳಿಸಿದರು. ಪೆಟ್ಟಿಗೆ ಕಡಿಮೆ ದುಡ್ಡಿಗೆ ಇ-ತ್ಯಾಜ್ಯ ಕೊಳ್ಳುವವರ ಪಾಲಾಯಿತು.