ಲಾಬಿಯ ಗೆರೆಯ ಮೇಲೆ

ಕಬಡ್ಡಿಯ ನಿಯಮಗಳನ್ನು ನಾನು ಮೊದಮೊದಲು ಕರಿಹಲಗೆಯ ಮೇಲೆ ಬರೆದು ಕಲಿಸುತ್ತಿದ್ದೆ. ಮಕ್ಕಳು ಪರೀಕ್ಷೆಯಲ್ಲಿ ಅವನ್ನು ತಪ್ಪಿಲ್ಲದೆ ಬರೆಯುತ್ತಿದ್ದರು. ಅಂಗಳಕ್ಕಿಳಿದೊಡನೆ ಅದೇ ನಿಯಮಗಳಿಗಾಗಿ ಜಗಳವಾಡುತ್ತಿದ್ದರು. ಜಗಳ ಹೆಚ್ಚಾಗಿ ಲಾಬಿಯದು. ಅಂಕಣದ ಎರಡು ಉದ್ದ ಬದಿಗಳಲ್ಲಿರುವ ಒಂದೊಂದು ಮೀಟರಿನ ಪಟ್ಟಿಗೆ ಆ ಹೆಸರು. ದಾಳಿಗೆ ಬಂದವರಿಗೂ ಕಾಯುವವರಿಗೂ ಸ್ಪರ್ಶವಾಗುವ ತನಕ ಅದು ಹೊರಗು. ಸ್ಪರ್ಶವಾದ ಕ್ಷಣದಿಂದ ಒಳಗು. ಕಾಲು ಮೊದಲೋ, ಕೈ ಮೊದಲೋ ಎಂಬುದರ ಮೇಲೆ ತೀರ್ಪು ನಿಂತಿದೆ. ಇದನ್ನು ಓದಿ ತಿಳಿಯಬಹುದು, ಕಾಣಲು ಮಾತ್ರ ಗೆರೆಯ ಬಳಿ ನಿಲ್ಲಲೇಬೇಕು.

ಆದ್ದರಿಂದ ತರಗತಿಯನ್ನು ಹನ್ನೆರಡು ಹನ್ನೆರಡು ಮಕ್ಕಳ ಗುಂಪುಗಳಾಗಿ ಒಡೆದೆ. ನಾಲ್ವರ ಎದುರು ನಾಲ್ವರು ಆಡುವರು. ಬದಿಗೊಬ್ಬರಂತೆ ಇಬ್ಬರು ಅಂಪೈರುಗಳು, ಒಬ್ಬ ರೆಫ್ರಿ, ಅಂಕ ಬರೆಯುವವರೊಬ್ಬರು. ಐದು ನಿಮಿಷಕ್ಕೊಮ್ಮೆ ಪಾತ್ರ ಬದಲು. ಬೆಳಗಾವಿಯ ಶಾಲೆಯ ಕಿರಿದಾದ ಅಂಗಳಕ್ಕೂ ಇದು ಒಗ್ಗಿತು. ಖಾನಾಪುರದಲ್ಲಿ ಜಾಗವೇನೋ ಧಾರಾಳ. ಆದರೆ ಅಲ್ಲಿಯ ಮಳೆ ಸುಣ್ಣದ ಗೆರೆಯನ್ನು ಉಳಿಸದು. ಹಗ್ಗ ಹಾಸಿ ಗೂಟ ಹೊಡೆದೆವು. ಬೋನಸ್ ಅಂಕವನ್ನು ಮಾತ್ರ ಈ ಕಿರಿಯ ಆಟದಲ್ಲಿ ಕಲಿಸಲಾಗದು. ಅದಕ್ಕೆ ಎದುರಿಗೆ ಕನಿಷ್ಠ ಆರು ಮಂದಿ ಬೇಕು.

ಖಾನಾಪುರದ ಒಂದು ದಿನ ಹೇಳುತ್ತೇನೆ. ದಾಳಿಗೆ ಹೋದ ಹುಡುಗಿ ಹಿಂಜರಿಯುತ್ತ ಹಗ್ಗ ದಾಟಿದಳು. ಅದೇ ಹೊತ್ತಿಗೆ ಒಬ್ಬಳು ಅವಳ ಸೊಂಟ ಹಿಡಿದಳು. ಇನ್ನಿಬ್ಬರು ಬೆನ್ನಟ್ಟಿ ಲಾಬಿಗೆ ಬಂದರು. "ಕಾಲು ಮೊದಲು ಹೋತ್ರೀ ಸರ್" ಎಂದ ಹತ್ತಿರದ ಅಂಪೈರ್. "ಇಲ್ಲರೀ, ಕೈ ಮೊದಲು ತಾಗಿತ್ರೀ" ಎಂದ ಎದುರಿನವನು. ಅವನು ಕೈ ಎತ್ತುವ ಮುನ್ನ ಒಂದು ಕ್ಷಣ ತನ್ನ ಗೆಳೆಯರ ಮುಖ ನೋಡಿದ್ದ. ಅನುಮಾನದ ತೀರ್ಪು ನನಗೆ ಗೊತ್ತಾಗುವುದು ಆ ಒಂದು ಕ್ಷಣದ ತಡದಿಂದಲೇ. ನಾನು ತೀರ್ಪು ಕೊಡಲಿಲ್ಲ. ಅದು ರೆಫ್ರಿಯ ಹೊಣೆ. ಅವಳು ಎಲ್ಲರನ್ನೂ ನಡಿಗೆಯ ವೇಗದಲ್ಲಿ ಅದೇ ದಾಳಿಯನ್ನು ಮತ್ತೆ ಆಡಿಸಿದಳು. ದೂರದ ಅಂಪೈರಿಗೆ ಆಟಗಾರರ ಬೆನ್ನುಗಳು ಅಡ್ಡ ಬಂದು ಕಾಲು ಕಂಡೇ ಇರಲಿಲ್ಲ. ದಾಳಿಗಾರ್ತಿ ಔಟಾದಳು. ಆದರೆ ಬೆನ್ನಟ್ಟಿ ಬಂದವರು?

ಈ ಪ್ರಶ್ನೆ ದೊಡ್ಡವರನ್ನೂ ಕಾಡಿದೆ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಕ್ರೀಡೆಗಳ ಪುರುಷರ ಫೈನಲ್‌ನಲ್ಲಿ ಭಾರತ, ಇರಾನ್ 28-28ರಲ್ಲಿ ಸಮವಾಗಿದ್ದಾಗ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು. ಇರಾನಿನವರು ಹಿಂದೆ ಬಂದರು. ಒಂದು ನಿಯಮದಂತೆ ಬಂದವರೂ ಔಟು. ಇನ್ನೊಂದರಂತೆ ದಾಳಿ ಅಲ್ಲಿಗೇ ಮುಗಿಯಿತು, ಕಾಯುವವರಿಗೆ ಒಂದಂಕ ಮಾತ್ರ. ತೀರ್ಪು ಬದಲಾಗುತ್ತ ಹೋಗಿ ಆಟ ಸುಮಾರು ಒಂದು ಗಂಟೆ ನಿಂತಿತು. ಕೊನೆಗೆ ಭಾರತ 33-29ರಿಂದ ಗೆದ್ದಿತು.

ನಾವು ಎರಡನೆಯ ನಿಯಮವನ್ನು ಆರಿಸಿಕೊಂಡೆವು. ಈಗ ಆಟಕ್ಕೆ ಮೊದಲೇ ರೆಫ್ರಿ ಅದನ್ನು ಎರಡೂ ತಂಡಗಳಿಗೆ ಗಟ್ಟಿಯಾಗಿ ಹೇಳಬೇಕು. ಅಂದು ಔಟಾದ ಹುಡುಗಿ ಮುಂದಿನ ವಾರ ಅಂಪೈರಾಗಿ ನಿಂತಳು. ಆಟಗಾರರ ಮುಖದತ್ತ ಅವಳು ನೋಡಲೇ ಇಲ್ಲ. ಹಗ್ಗದ ಬಳಿ ಕುಕ್ಕರಿಸಿ ಕಾಲುಗಳನ್ನಷ್ಟೇ ನೋಡುತ್ತಿದ್ದಳು. ಕೈಗಳನ್ನೂ ನೋಡಬೇಕಮ್ಮಾ ಎಂದು ನಾನು ಹೇಳಬೇಕಾಯಿತು.