ಚಹಾ ಕೌಂಟರಿನ ಪರಿಚಯಕ್ಕೆ ಮಾರನೆಯ ದಿನದ ಮೇಲ್

ಪುಣೆಯಲ್ಲಿ ಯಾವ ಕೈಗಾರಿಕಾ ಸಮಾವೇಶ ಮುಗಿದರೂ ಮಾರನೆಯ ದಿನ ಒಂದೇ ಸಂದೇಶ ಹತ್ತು ಹೆಸರಲ್ಲಿ ಬರುತ್ತದೆ: ‘ನಿನ್ನೆ ಭೇಟಿಯಾಗಿ ಸಂತೋಷವಾಯಿತು, ಸಂಪರ್ಕದಲ್ಲಿರೋಣ.’ ಬರೆದವರು ಒಳ್ಳೆಯವರೇ. ಆದರೆ ಓದಿದರೆ ಒಬ್ಬರ ಮುಖವೂ ನೆನಪಾಗುವುದಿಲ್ಲ.

ನಾನು ಚಾಕಣದ ಅಲ್ಯೂಮಿನಿಯಂ ಎರಕದ ಕಾರ್ಖಾನೆಯೊಂದರಲ್ಲಿದ್ದೇನೆ. ಯಾರದಾದರೂ ಜೊತೆ ಮಾತು ಮುಗಿದ ಕೂಡಲೇ ಅವರ ವಿಸಿಟಿಂಗ್ ಕಾರ್ಡಿನ ಹಿಂದೆ ಎರಡು ಸಂಗತಿ ಗೀಚಿಕೊಳ್ಳುತ್ತೇನೆ: ಅವರು ಹೇಳಿದ ತೊಂದರೆ ಏನು, ನಾನು ಏನು ಕಳಿಸುತ್ತೇನೆ ಎಂದೆ. ರಾತ್ರಿ ಬರೆಯೋಣವೆಂದರೆ ಅಷ್ಟು ಹೊತ್ತಿಗೆ ಎಲ್ಲರ ಮಾತೂ ಕಲಸುಮೇಲೋಗರವಾಗಿರುತ್ತದೆ.

ಕಳೆದ ಸಲ ಹೊಸೂರಿನ ಕಂಪನಿಯೊಂದರ ಖರೀದಿ ವಿಭಾಗದವರು ಸಿಕ್ಕಿದ್ದರು. ಮಳೆಗಾಲ ಬಂತೆಂದರೆ ತಮ್ಮ ಪಂಪಿನ ಕವಚಗಳು ಸೋರಿಕೆ ಪರೀಕ್ಷೆಯಲ್ಲಿ ಹೆಚ್ಚು ಫೇಲಾಗುತ್ತವೆ ಎಂದರು. ಕರಗಿದ ಅಲ್ಯೂಮಿನಿಯಂ ತೇವದ ಗಾಳಿಯಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಅದು ಸಣ್ಣ ರಂಧ್ರಗಳಾಗಿ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಇಂಗ್ಲಿಷಿನಲ್ಲಿ ಒಂದು ಮೇಲ್ ಕಳಿಸಿದೆ. ವಿಷಯದ ಸಾಲು ‘ಮಳೆಗಾಲ ಮತ್ತು ಹೈಡ್ರೋಜನ್’. ಒಳಗಿದ್ದದ್ದು ಇಷ್ಟು:

‘ನಿನ್ನೆ ಚಹಾ ಕೌಂಟರಿನ ಬಳಿ ಮಾತಾಡಿದ ಚಾಕಣದವನು ನಾನು. ಹೇಳಿದ್ದ ಖಾಲಿ ನಮೂನೆ ಲಗತ್ತಿಸಿದ್ದೇನೆ, ಒಂದೇ ಪುಟ. ಪರೀಕ್ಷಾ ತುಂಡಿನ ಸಾಂದ್ರತೆಯ ಪಕ್ಕದಲ್ಲೇ ಆ ಹೊತ್ತಿನ ಗಾಳಿಯ ತೇವಾಂಶ ಬರೆಯುವ ಕಾಲಂ ಇದೆ. ನಿಮ್ಮ ಸರಬರಾಜುದಾರರು ಸಾಂದ್ರತೆಯನ್ನು ಪ್ರತಿ ಪಾಳಿಗೆ ನೋಡುತ್ತಾರೋ, ದಿನಕ್ಕೊಮ್ಮೆಯೋ?’

ಮೊದಲ ಸಾಲು ನಾನು ಯಾರೆಂದು ನೆನಪಿಸುತ್ತದೆ. ಲಗತ್ತು ಕೊಟ್ಟ ಮಾತನ್ನು ಉಳಿಸುತ್ತದೆ. ಖಾಲಿ ನಮೂನೆಯಾದ್ದರಿಂದ ನಮ್ಮ ಕಾರ್ಖಾನೆಯ ಅಂಕಿ ಒಂದೂ ಹೊರಹೋಗುವುದಿಲ್ಲ. ಪ್ರಶ್ನೆಗೆ ಲಿಫ್ಟಿಗೆ ಕಾಯುತ್ತಲೇ ಉತ್ತರಿಸಬಹುದು. ‘ಯಾವಾಗ ಭೇಟಿಯಾಗೋಣ?’ ಎಂದು ಕೇಳಿದ್ದರೆ ಅವರು ಕ್ಯಾಲೆಂಡರ್ ತೆರೆಯಬೇಕು, ಅಲ್ಲಿಗೇ ಕೆಲಸ ಮುಂದಕ್ಕೆ ಹೋಗುತ್ತದೆ.

ಅವರ ಕವಚಗಳು ಫೇಲಾಗುವ ಸುದ್ದಿಯನ್ನು ನಾನು ಮೇಲ್‌ನಲ್ಲಿ ಎತ್ತಲಿಲ್ಲ ಎಂಬುದನ್ನೂ ಗಮನಿಸಿ. ಚಹಾ ಹೊತ್ತಿನಲ್ಲಿ ಸಲಿಗೆಯಿಂದ ಆಡಿದ ಮಾತು ಮೇಲ್‌ನಲ್ಲಿ ದಾಖಲೆಯಾಗುತ್ತದೆ, ಮೇಲಧಿಕಾರಿಗೂ ಫಾರ್ವರ್ಡ್ ಆಗುತ್ತದೆ. ಸಂದೇಶ ನೆನಪಿನಲ್ಲಿ ಉಳಿಯಲೆಂದು ಮನೆ ಮಕ್ಕಳ ವಿಷಯ ತರುವುದೂ ನನಗೆ ಸರಿಕಾಣದು.

ಅವರು ಕನ್ನಡ ಚೆನ್ನಾಗಿ ಆಡುತ್ತಿದ್ದರು. ಆದರೂ ಮೇಲ್ ಪೂರ್ತಿ ಇಂಗ್ಲಿಷಿನಲ್ಲೇ ಇರಲಿ ಎಂದುಕೊಂಡೆ, ಅವರ ಗುಣಮಟ್ಟ ವಿಭಾಗದವರೂ ಓದಬೇಕಲ್ಲ. ‘ಸರ್, ಮೇಲ್ ಹಾಕಿದ್ದೀನಿ, ಬಿಡುವಾದಾಗ ನೋಡಿ’ ಎಂಬ ಕನ್ನಡದ ಸಾಲು ವಾಟ್ಸಾಪಿನಲ್ಲಿ ಹೋಯಿತು.

ಎರಡು ದಿನ ಬಿಟ್ಟು ಉತ್ತರ ಬಂತು: ‘ದಿನಕ್ಕೊಮ್ಮೆ. ನಾಳೆ ಫೋನ್ ಮಾಡಲಾ?’

ಉತ್ತರವೇ ಬಾರದಿದ್ದರೆ ಹತ್ತು ದಿನ ಕಾದು ಇನ್ನೊಂದೇ ಸಲ ಬರೆಯುತ್ತೇನೆ, ಅದೂ ಹೊಸದೇನಾದರೂ ಕೊಡುವುದಿದ್ದರೆ. ‘ನನ್ನ ಮೇಲ್ ನೋಡಿದಿರಾ?’ ಎಂದು ಕೇಳುವುದಿಲ್ಲ. ಅದಕ್ಕೂ ಸದ್ದಿಲ್ಲದಿದ್ದರೆ ಕಾರ್ಡು ಡ್ರಾಯರಿಗೆ ಹೋಗುತ್ತದೆ, ಹಿಂದಿನ ಗೀಚಿನ ಸಮೇತ.