ಎಲೆಕೋಸಿನ ಹುಳ ಹೇಗೆ ತಡೆದ್ರಿ ಅಂತ ಕೇಳಿ

ಬೆಂಗಳೂರಿನಲ್ಲಿ ‘ಸಾವಯವ’ ಬೋರ್ಡಿಗೆ ಬರವಿಲ್ಲ. ಪ್ಯಾಕೆಟ್ ತರಕಾರಿಯಾದರೆ ಅಧಿಕೃತ ಸಾವಯವ ಲೋಗೋ ನೋಡಿ ಕೊಳ್ಳಬಹುದು. ಆದರೆ ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗೆ ವಹಿವಾಟಿದ್ದು, ಗ್ರಾಹಕರಿಗೆ ನೇರವಾಗಿ ಮಾರುವ ಸಣ್ಣ ರೈತರಿಗೆ ಪ್ರಮಾಣಪತ್ರ ಕಡ್ಡಾಯವಲ್ಲ. ಅವರು ಆ ಲೋಗೋ ಹಾಕುವಂತೆಯೂ ಇಲ್ಲ. ಹಾಗಾಗಿ ಲೋಗೋ ಇಲ್ಲ ಅಂದ ಮಾತ್ರಕ್ಕೆ ಮೋಸ ಅಂತಲ್ಲ.

ಎಲೆ ತೂತಾಗಿದ್ರೆ ಸಾವಯವ ಅನ್ನೋದೂ ತಪ್ಪು. ಹುಳ ತಿಂದ ಮೇಲೂ ವಿಷ ಹೊಡೆಯುವವರಿದ್ದಾರೆ.

ಅಂಥ ರೈತರ ಹತ್ತಿರ ಎಲೆಕೋಸು ಕೊಳ್ಳುವಾಗ, “ಹುಳ ಹೇಗೆ ತಡೆದ್ರಿ?” ಅಂತ ಕೇಳಿ. ಕೋಸಿಗೆ ವಜ್ರಬೆನ್ನಿನ ಪತಂಗದ ಕಾಟ ಜಾಸ್ತಿ. “ಹುಳಾನೇ ಬರಲ್ಲ” ಅಂದರೆ ಅನುಮಾನಿಸಿ. ನಿಜವಾಗಿ ಬೆಳೆದವರು ತಾವು ಮಾಡಿದ್ದನ್ನು ಬಿಡಿಸಿ ಹೇಳುತ್ತಾರೆ: “25 ಸಾಲು ಕೋಸಿಗೆ 2 ಸಾಲು ಸಾಸಿವೆ ಹಾಕಿದ್ವಿ, ಪತಂಗ ಅಲ್ಲೇ ಹೆಚ್ಚು ಮೊಟ್ಟೆ ಇಡುತ್ತೆ. ಜೊತೆಗೆ ಬೇವಿನ ಬೀಜದ ಕಷಾಯ ಹೊಡೆದ್ವಿ.”

ಮಾತನ್ನು ಯಾರು ಬೇಕಾದರೂ ಕಲಿಯಬಹುದು. ಅದಕ್ಕೇ, “ಯಾವತ್ತಾದ್ರೂ ತೋಟ ನೋಡೋಕೆ ಬರಬಹುದಾ?” ಅಂತಲೂ ಕೇಳಿ. ಹೋದಾಗ ಸಾಸಿವೆ ಸಾಲು ಹುಡುಕಿ, ಪಂಪ್‌ಹೌಸ್ ಹಿಂದೆ ಬಿದ್ದಿರುವ ಖಾಲಿ ಬಾಟಲಿಗಳನ್ನೂ ನೋಡಿ.